‘ಬಿದ್ದೀಯೆ’ ಮತ್ತು ‘ಕಾಲು ಜಾರೀತು’: ಮೃದು ಎಚ್ಚರಿಕೆಗಳ ಅನುವಾದದಲ್ಲಿ ಕರ್ತೃಪದದ ಆಯ್ಕೆ

ಸಾರಾಂಶ

ಇಂಗ್ಲಿಷಿನ ‘ಮೈಂಡ್ ದ ಸ್ಟೆಪ್’, ‘ಡೋಂಟ್ ಫರ್ಗೆಟ್ ಯುವರ್ ಅಂಬ್ರೆಲಾ’ ಮೊದಲಾದ ಮಾತುಗಳನ್ನು ಕನ್ನಡಕ್ಕೆ ತರುವಾಗ ವಿಧ್ಯರ್ಥ ಮತ್ತು ನಿಷೇಧ ರೂಪಗಳನ್ನು ಯಾಂತ್ರಿಕವಾಗಿ ಬಳಸಿದರೆ ಕಾಳಜಿಯ ಮಾತು ಆಜ್ಞೆಯಾಗುತ್ತದೆ. ಕನ್ನಡದಲ್ಲಿ ಈ ಕಾರ್ಯವನ್ನು ಬಹುಮಟ್ಟಿಗೆ ಸಂಭಾವನಾರ್ಥಕ ಕ್ರಿಯಾರೂಪ ನಿರ್ವಹಿಸುತ್ತದೆ. ಆ ರೂಪದ ಕರ್ತೃಸ್ಥಾನದಲ್ಲಿ ಕೇಳುಗನನ್ನು ಇರಿಸಬೇಕೆ, ಆತನ ಅಂಗವನ್ನೋ ವಸ್ತುವನ್ನೋ ಇರಿಸಬೇಕೆ ಎಂಬ ಆಯ್ಕೆಯಲ್ಲಿಯೇ ಸಲುಗೆ ಮತ್ತು ಗೌರವಗಳ ವ್ಯತ್ಯಾಸ ಅಡಗಿದೆ ಎಂಬುದು ಪ್ರಸ್ತುತ ಲೇಖನದ ವಾದ. ಉದಾಹರಣೆಗಳು ಲೇಖಕರ ಸ್ವಂತ ಭಾಷಾಬಳಕೆಯನ್ನು ಆಧರಿಸಿ ರಚಿಸಿದವು.

1. ಸಮಸ್ಯೆ

ಮಳೆಯ ಸಂಜೆ. ಮನೆಯಿಂದ ಹೊರಡುತ್ತಿರುವವರಿಗೆ ಮನೆಯವರು ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ಮೂರು ಮಾತು ಹೇಳುತ್ತಾರೆ: ‘ಕೇರ್‌ಫುಲ್. ಮೈಂಡ್ ದ ಸ್ಟೆಪ್. ಡೋಂಟ್ ಫರ್ಗೆಟ್ ಯುವರ್ ಅಂಬ್ರೆಲಾ.’ ಇದರ ಪದಶಃ ಅನುವಾದ ಹೀಗಾಗುತ್ತದೆ:

(1) ಎಚ್ಚರಿಕೆ! ಮೆಟ್ಟಿಲನ್ನು ಗಮನಿಸಿ. ನಿಮ್ಮ ಕೊಡೆಯನ್ನು ಮರೆಯಬೇಡಿ.

ವ್ಯಾಕರಣದೃಷ್ಟಿಯಿಂದ ಇದರಲ್ಲಿ ದೋಷವಿಲ್ಲ. ಆದರೆ ಇದು ಬಾಗಿಲಲ್ಲಿ ನಿಂತವರ ಮಾತಲ್ಲ, ಫಲಕದ ಬರಹ. ‘ಎಚ್ಚರಿಕೆ’ ಎಂಬುದು ಒಂಟಿಯಾಗಿ ನಿಂತಾಗ ಅಪಾಯಸೂಚನೆಯೋ ಬೆದರಿಕೆಯೋ ಆಗುತ್ತದೆ. ‘ಗಮನಿಸಿ’ ಎಂಬುದು ಪ್ರಕಟಣೆಯ ಪದ. ಮೂರನೆಯ ವಾಕ್ಯ ಆಡುಮಾತಿಗೆ ಹೆಚ್ಚು ಹತ್ತಿರವಾದರೂ, ‘ನಿಮ್ಮ’ ಎಂಬ ಷಷ್ಠಿಯೂ ದ್ವಿತೀಯಾ ಪ್ರತ್ಯಯವೂ ಸೇರಿ ಅದನ್ನು ಬಿಗಿಯಾಗಿಸಿವೆ. ಪದಗಳನ್ನು ಬದಲಾಯಿಸುವುದರಿಂದ ಮಾತ್ರ ಈ ತೊಡಕು ಬಗೆಹರಿಯದು. ಅದು ವಾಕ್ಯರಚನೆಗೆ ಸಂಬಂಧಿಸಿದ್ದು.

ಇಂಗ್ಲಿಷಿನ ‘ಮೈಂಡ್’ ಕ್ರಿಯಾಪದವು ಮೂರು ಬಗೆಯ ಪೂರಕಗಳನ್ನು ಒಂದೇ ರೀತಿಯಲ್ಲಿ ಸ್ವೀಕರಿಸುತ್ತದೆ. ‘ಸ್ಟೆಪ್’ ಎಂಬುದು ಅಡ್ಡಿಯ ಹೆಸರು. ‘ಮೈಂಡ್ ಯುವರ್ ಹೆಡ್’ ಎಂಬಲ್ಲಿ ‘ಹೆಡ್’ ಪೆಟ್ಟಾಗಬಹುದಾದ ಅಂಗದ ಹೆಸರು. ‘ಮೈಂಡ್ ಯು ಡೋಂಟ್ ಫಾಲ್’ ಎಂಬಲ್ಲಿ ಬರುವುದು ತಪ್ಪಿಸಬೇಕಾದ ಪರಿಣಾಮ. ಕನ್ನಡದಲ್ಲಿ ಈ ಮೂರಕ್ಕೂ ಸಲ್ಲುವ ಒಂದೇ ಕ್ರಿಯಾಪದವಿಲ್ಲ. ತಗ್ಗಾದ ಬಾಗಿಲ ಬಳಿ ‘ನಿಮ್ಮ ತಲೆಯನ್ನು ಗಮನಿಸಿ’ ಎಂದರೆ ಕೇಳುಗರಿಗೆ ನಗು ಬಂದೀತು. ಅಡ್ಡಿಯನ್ನು ನಾವು ಅಸ್ತಿತ್ವವಾಕ್ಯದಿಂದ ತಿಳಿಸುತ್ತೇವೆ (‘ಮೆಟ್ಟಿಲಿದೆ’). ಅಂಗವನ್ನು ನಡೆಯುತ್ತಿರುವ ಕ್ರಿಯೆಯ ರೀತಿಯಾಗಿ ಹೇಳುತ್ತೇವೆ (‘ತಲೆ ಬಗ್ಗಿಸಿಕೊಂಡು ಬನ್ನಿ’). ಪರಿಣಾಮವನ್ನು ಸಂಭಾವನಾರ್ಥಕದಿಂದ ಸೂಚಿಸುತ್ತೇವೆ (‘ತಲೆ ತಾಗೀತು’). ಈ ಮೂರನೆಯದೇ ಮುಂದಿನ ಚರ್ಚೆಯ ವಸ್ತು.

2. ಸಂಭಾವನಾರ್ಥಕವು ಎಚ್ಚರಿಕೆಯಾಗುವ ಬಗೆ

ಭೂತಕಾಲದ ಧಾತುರೂಪಕ್ಕೆ ವಿಶಿಷ್ಟವಾದ ಪುರುಷಪ್ರತ್ಯಯಗಳು ಸೇರಿ ಸಂಭಾವನಾರ್ಥಕ ರೂಪಗಳು ಸಿದ್ಧಿಸುತ್ತವೆ: ಬಿದ್ದೇನು, ಬಿದ್ದೀಯೆ, ಬಿದ್ದೀರಿ, ಬಿದ್ದಾನು, ಬಿದ್ದಾಳು, ಬಿದ್ದೀತು. ಇವುಗಳ ಮೂಲಾರ್ಥ ಸಾಧ್ಯತೆ ಮಾತ್ರ. ಆ ಸಾಧ್ಯತೆ ಇಷ್ಟವೋ ಅನಿಷ್ಟವೋ ಎಂಬುದನ್ನು ರೂಪವು ಹೇಳುವುದಿಲ್ಲ. ‘ಮಳೆ ಬಂದೀತು’ ಎಂಬ ಮಾತು ಬಿತ್ತನೆಗೆ ಕಾದಿರುವವನ ಬಾಯಲ್ಲಿ ನಿರೀಕ್ಷೆ, ಅಂಗಳದಲ್ಲಿ ಹಪ್ಪಳ ಒಣಹಾಕಿದವಳ ಬಾಯಲ್ಲಿ ಆತಂಕ.

ಮಧ್ಯಮಪುರುಷದಲ್ಲಿ ಈ ತಟಸ್ಥತೆ ಕದಡುತ್ತದೆ. ಅಲ್ಲಿ ಕ್ರಿಯೆಯ ಮೇಲೆ ಕೇಳುಗನಿಗೆ ಹತೋಟಿ ಇದೆಯೇ ಎಂಬುದು ನಿರ್ಣಾಯಕ:

(2) ನೀನು ಹತ್ತು ಹೋಳಿಗೆ ತಿಂದೀಯೆ, ನನ್ನಿಂದಾಗದು.
(3) ಮೆಲ್ಲಗೆ, ಬಿದ್ದೀಯೆ!

(2)ರಲ್ಲಿ ತಿನ್ನುವುದು ಇಚ್ಛಾಧೀನ ಕ್ರಿಯೆ. ಆದ್ದರಿಂದ ಸಂಭಾವನಾರ್ಥಕವು ಸಾಮರ್ಥ್ಯವನ್ನು ಸೂಚಿಸುತ್ತದೆ. (3)ರಲ್ಲಿ ಬೀಳುವುದು ಇಚ್ಛೆಗೆ ಹೊರತಾದದ್ದು, ಅನಿಷ್ಟವಾದದ್ದು. ಆದ್ದರಿಂದ ಅದು ಎಚ್ಚರಿಕೆಯಾಗುತ್ತದೆ. ಇಚ್ಛಾಧೀನ ಕ್ರಿಯೆಯೂ ಸಂದರ್ಭಬಲದಿಂದ ಅನಿಷ್ಟವಾದಾಗ ಎಚ್ಚರಿಕೆಯ ಅರ್ಥ ಮರಳುತ್ತದೆ: ‘ಯಾರಿಗಾದರೂ ಹೇಳೀಯೆ, ಜೋಕೆ!’ ಅನಿಷ್ಟಾರ್ಥವನ್ನು ಖಚಿತಪಡಿಸಲು ಕನ್ನಡ ಇನ್ನೆರಡು ಉಪಾಯಗಳನ್ನು ಬಳಸುತ್ತದೆ. ಮೊದಲನೆಯದು ಅನೈಚ್ಛಿಕತೆಯನ್ನು ಸೂಚಿಸುವ ‘ಬಿಡು’ ಸಹಾಯಕ ಕ್ರಿಯೆ (‘ಬಿದ್ದುಬಿಟ್ಟೀಯೆ’). ಎರಡನೆಯದು ಗಿ-ಕಾರದ ಪ್ರತಿಧ್ವನಿರೂಪ (‘ಬಿದ್ದುಗಿದ್ದೀಯೆ’).

ಫ್ರಾಂಟಿಶೆಕ್ ಲಿಖ್ಟೆನ್‌ಬರ್ಕ್ ಅವರು ಸಾಲೊಮನ್ ದ್ವೀಪಗಳ ತೊಆಬಾಯಿತ ಭಾಷೆಯನ್ನು ಆಧರಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಶಂಕೆಯನ್ನು ಸೂಚಿಸುವ ಒಂದೇ ವ್ಯಾಕರಣಾಂಶವು ಎಚ್ಚರಿಕೆ, ಭಯ, ಮುಂಜಾಗ್ರತೆ ಎಂಬ ಮೂರು ಕಾರ್ಯಗಳನ್ನು ನಿರ್ವಹಿಸಬಲ್ಲದೆಂದು ತೋರಿಸಿದ್ದಾರೆ. ಕನ್ನಡದ ಸಂಭಾವನಾರ್ಥಕವು ಆಶಂಕೆಗೇ ಮೀಸಲಾದ ರೂಪವಲ್ಲ. ಆದರೂ ಅದು ಈ ಮೂರೂ ಸ್ಥಾನಗಳಲ್ಲಿ ಬರುತ್ತದೆ: ‘ಬಿದ್ದೀಯೆ!’, ‘ಮಗು ಬಿದ್ದೀತೆಂದು ಹೆದರಿದಳು’, ‘ಮಳೆ ಬಂದೀತೆಂದು ಕೊಡೆ ತೆಗೆದುಕೊಂಡೆ’. ಕೊನೆಯ ಉದಾಹರಣೆಯಲ್ಲಿ ಕೊಡೆಯಿಂದ ಮಳೆಯನ್ನು ತಡೆಯಲಾಗದು, ನೆನೆಯುವುದನ್ನು ತಪ್ಪಿಸಬಹುದಷ್ಟೆ. ಹಾಗಿದ್ದರೂ ‘ಎಂದು’ ಸೇರಿದ ಸಂಭಾವನಾರ್ಥಕವೇ ಅಲ್ಲಿಯೂ ಸಾಕಾಗುತ್ತದೆ.

ಇನ್ನು ನಿಷೇಧರೂಪ ಏಕೆ ಒಗ್ಗುವುದಿಲ್ಲ? ‘ಬೇಡ’ ಎಂಬುದು ಕೇಳುಗನ ಇಚ್ಛೆಗೆ ಅಡ್ಡಹಾಕುವ ರೂಪ. ‘ಓಡಬೇಡ’ ಎಂಬುದು ಸಹಜ, ಏಕೆಂದರೆ ಓಡುವವನು ನಿಲ್ಲಬಲ್ಲ. ‘ಬೀಳಬೇಡ’ ಎಂದರೆ ಬೀಳುವುದೂ ಅವನ ಆಯ್ಕೆಯೆಂಬ ಧ್ವನಿ ಬರುತ್ತದೆ. ರಷ್ಯನ್ ಭಾಷೆ ಇದೇ ಭೇದವನ್ನು ಕ್ರಿಯೆಯ ಪಕ್ಷದ ಮೂಲಕ ತೋರಿಸುತ್ತದೆ: ಸಾಮಾನ್ಯ ನಿಷೇಧಕ್ಕೆ ಅಪೂರ್ಣಪಕ್ಷದ ವಿಧ್ಯರ್ಥ, ಎಚ್ಚರಿಕೆಗೆ ಪೂರ್ಣಪಕ್ಷದ ವಿಧ್ಯರ್ಥ. ಆದ್ದರಿಂದ ‘ಬೀಳದಂತೆ ನೋಡಿಕೊ’ ಎಂಬರ್ಥದಲ್ಲಿ ಅಲ್ಲಿ ‘ನೆ ಉಪಾದೀ’ ಎನ್ನುತ್ತಾರೆ. ರಷ್ಯನ್ನಿನಲ್ಲಿ ಎರಡೂ ವಿಧ್ಯರ್ಥದೊಳಗಿನ ಭೇದಗಳು. ಕನ್ನಡವು ಎಚ್ಚರಿಕೆಗಾಗಿ ವಿಧ್ಯರ್ಥದಿಂದಲೇ ಹೊರಬಂದು ಸಾಧ್ಯತೆಯ ಹೇಳಿಕೆಯನ್ನು ಆಶ್ರಯಿಸುತ್ತದೆ. ‘ಮರೆಯಬೇಡ’ ಎಂಬುದು ‘ಬೀಳಬೇಡ’ಕ್ಕಿಂತ ಸಹಜವಾಗಿ ಕೇಳಿಸುವುದು ಇದಕ್ಕೆ ವಿರೋಧವಲ್ಲ: ಮರೆವನ್ನು ನಾವು ಅರ್ಧ ಅಜಾಗ್ರತೆಯೆಂದು, ಅಂದರೆ ಅರ್ಧ ಹತೋಟಿಯಲ್ಲಿರುವುದೆಂದು ಎಣಿಸುತ್ತೇವೆ. ಆದ್ದರಿಂದಲೇ ಅದರಲ್ಲಿ ಸಣ್ಣ ಆಕ್ಷೇಪಣೆಯೂ ಉಳಿಯುತ್ತದೆ.

3. ಕರ್ತೃಪದದ ಸ್ಥಳಾಂತರ

(3)ನ್ನು ಹಿರಿಯರಿಗೆ ಹೇಳಬೇಕಾದಾಗ ‘ಬಿದ್ದೀರಿ’ ಎಂಬ ಬಹುವಚನವೊಂದೇ ಸಾಲದು. ಗೌರವ ಬಹುವಚನದಲ್ಲಿದ್ದರೂ ಆ ವಾಕ್ಯವು ಹಿರಿಯರನ್ನೇ ಬೀಳುವವರನ್ನಾಗಿ ಕಲ್ಪಿಸುತ್ತದೆ. ಅಶುಭವನ್ನು ಬಾಯಲ್ಲಿ ಆಡಬಾರದೆಂಬ ಸಂಕೋಚವೂ ಇಲ್ಲಿ ಕೆಲಸಮಾಡುತ್ತದೆ. ಯಾರಾದರೂ ಕೆಟ್ಟದ್ದನ್ನು ನುಡಿದರೆ ‘ಬಿಡ್ತು ಅನ್ನು’ ಎಂದು ತಿದ್ದುವ ಸಮಾಜವಿದು. ಹೀಗಾಗಿ ಕನ್ನಡಿಗರು ಕರ್ತೃವನ್ನು ಬದಲಾಯಿಸುತ್ತಾರೆ:

(4) ಮೆಟ್ಟಿಲಿದೆ, ಕಾಲು ಜಾರೀತು, ನೋಡಿಕೊಂಡು ಇಳಿಯಿರಿ.

ಇಲ್ಲಿ ಜಾರುವುದು ಕಾಲು, ‘ನೀವು’ ಅಲ್ಲ. ಕ್ರಿಯಾಪದ ನಪುಂಸಕ ಪ್ರಥಮಪುರುಷದಲ್ಲಿದೆ. ಹೊಣೆ ಕೇಳುಗರಿಂದ ಅವರ ಅಂಗಕ್ಕೆ ಸರಿದಿದೆ. ಕೇಳುಗರು ಕರ್ತೃವಾಗುವುದು ಕೊನೆಯ ಉಪವಾಕ್ಯದಲ್ಲಿ ಮಾತ್ರ, ಅದೂ ಸುರಕ್ಷಿತವಾಗಿ ಇಳಿಯುವ ಕ್ರಿಯೆಗೆ. ಬ್ರೌನ್ ಮತ್ತು ಲೆವಿನ್ಸನ್ ಅವರು 1987ರ ತಮ್ಮ ಗ್ರಂಥದಲ್ಲಿ ಕೇಳುಗನನ್ನು ವಾಕ್ಯದಿಂದ ಮರೆಮಾಡುವುದನ್ನು ಸೌಜನ್ಯದ ಒಂದು ತಂತ್ರವೆಂದು ಪರಿಗಣಿಸಿದ್ದಾರೆ. ಕನ್ನಡದಲ್ಲಿ ಮರೆಮಾಡುವಿಕೆ ಅಪಾಯದ ಭಾಗಕ್ಕೆ ಮಾತ್ರ ಸೀಮಿತವಾಗಿರುವುದು ಗಮನಾರ್ಹ.

ನೆನಪಿಸುವ ಮಾತುಗಳಲ್ಲಿಯೂ ಇದೇ ಸ್ಥಳಾಂತರ ನಡೆಯುತ್ತದೆ:

(5) ಕೊಡೆ ಮರೆತೀಯೆ!
(6) ಕೊಡೆ ಇಲ್ಲೇ ಉಳಿದೀತು.

(5)ರಲ್ಲಿ ಮರೆಯುವವನು ಕೇಳುಗ. (6)ರಲ್ಲಿ ಉಳಿಯುವುದು ಕೊಡೆ. ‘ಕೊಡೆ ಮರೆತುಹೋದೀತು’ ಎಂಬುದು ಇವೆರಡರ ನಡುವಿನದು: ಮರೆವು ಉಳಿದಿದೆ, ಮರೆತವನು ಮಾಯವಾಗಿದ್ದಾನೆ.

ಲಿಪಿಯಲ್ಲಿ ಒಂದು ಅಪಾಯವಿದೆ. ಸಂಭಾವನೆಯನ್ನು ಭೂತಕಾಲದಿಂದ ಬೇರ್ಪಡಿಸುವುದು ಅನೇಕ ಕಡೆ ಒಂದು ದೀರ್ಘಸ್ವರ ಮಾತ್ರ. ‘ಕೊಡೆ ಮರೆತೀರಿ’ ಎಂಬುದು ಎಚ್ಚರಿಕೆ, ‘ಕೊಡೆ ಮರೆತಿರಿ’ ಎಂಬುದು ಆಪಾದನೆ. ‘ಕಾಲು ಜಾರೀತು’ ಆಶಂಕೆ, ‘ಕಾಲು ಜಾರಿತು’ ವರದಿ. ಕರಡು ತಿದ್ದುವವರು ದೀರ್ಘವನ್ನು ತಪ್ಪೆಂದು ಭಾವಿಸಿ ಹ್ರಸ್ವಗೊಳಿಸಿದರೆ ವಾಕ್ಯ ಸಾಧುವಾಗಿಯೇ ಉಳಿಯುತ್ತದೆ, ಅರ್ಥ ಮಾತ್ರ ಕೆಡುತ್ತದೆ.

4. ಒಂದು ಮಾತು, ಎರಡು ಅನುವಾದ

ಆರಂಭದ ಮೂರು ಮಾತುಗಳಿಗೆ ಹಿಂತಿರುಗೋಣ. ಮೂಲದಲ್ಲಿ ಹೇಳುವವರು, ಕೇಳುವವರು ಯಾರೆಂಬ ಸುಳಿವಿಲ್ಲ. ಇಂಗ್ಲಿಷಿಗೆ ಅದು ಬೇಕಾಗಿಯೂ ಇಲ್ಲ. ಕನ್ನಡದ ಅನುವಾದಕ ಮೊದಲು ಅದನ್ನು ಕಥೆಯಿಂದ ಓದಿಕೊಳ್ಳಬೇಕು. ಅಜ್ಜಿ ಮೊಮ್ಮಗನಿಗೆ ಹೇಳುತ್ತಿದ್ದರೆ:

(7) ಮೆಲ್ಲಗೆ ಕಣೋ, ಮೆಟ್ಟಿಲಿದೆ, ಬಿದ್ದುಗಿದ್ದೀಯೆ! ಕೊಡೆ ತಗೊಂಡ್ಯಾ?

ಸೊಸೆ ಮಾವನಿಗೆ ಹೇಳುತ್ತಿದ್ದರೆ:

(8) ನಿಧಾನ ಮಾವ, ಮೆಟ್ಟಿಲಿದೆ, ಕಾಲು ಜಾರೀತು. ಕೊಡೆ ಇಲ್ಲಿದೆ, ತಗೊಳ್ಳಿ.

(7)ರಲ್ಲಿ ಪರಿಣಾಮದ ಕರ್ತೃ ಮೊಮ್ಮಗನೇ. ಕೊಡೆಯ ವಿಷಯ ಪ್ರಶ್ನೆಯಾಗಿದೆ. ತೆಗೆದುಕೊಂಡಿಲ್ಲವೆಂಬ ಅನುಮಾನವನ್ನು ಅಜ್ಜಿ ನೇರವಾಗಿಯೇ ತೋರಬಲ್ಲಳು. ಸೊಸೆ ಆ ಪ್ರಶ್ನೆಯನ್ನು ಕೇಳಿದರೆ ತಪಾಸಣೆಯಂತಾಗುತ್ತದೆ. ಆದ್ದರಿಂದ (8)ರಲ್ಲಿ ಮರೆವಿನ ಪ್ರಸ್ತಾಪವೇ ಅಳಿದು, ಕೊಡೆಯ ಇರವು ಮತ್ತು ನೀಡಿಕೆ ಉಳಿದಿವೆ. ‘ಯುವರ್’ ಎಂಬುದು ಎರಡರಲ್ಲಿಯೂ ಬಿಟ್ಟುಹೋಗಿದೆ. ಕೊಡೆ ಯಾರದೆಂಬ ಸಂಶಯವಿಲ್ಲದಿರುವಾಗ ಕನ್ನಡ ಒಡೆತನವನ್ನು ಹೇಳುವುದಿಲ್ಲ.

ಹಿಮ್ಮುಖ ಅನುವಾದದಲ್ಲಿ ನಷ್ಟ ಇನ್ನೊಂದು ಬಗೆಯದು. (7)ರ ‘ಬಿದ್ದುಗಿದ್ದೀಯೆ’ಯನ್ನು ‘ಯು ಮೇ ಫಾಲ್’ ಎಂದರೆ ಅದು ಎಚ್ಚರಿಕೆಯಾಗದೆ ಸಾಧ್ಯತೆಯ ಅಂದಾಜಾಗುತ್ತದೆ. ‘ಯೂ’ಲ್ ಫಾಲ್’ ಅಥವಾ ‘ಮೈಂಡ್ ಯು ಡೋಂಟ್ ಫಾಲ್’ ಹೆಚ್ಚು ಸಮೀಪದವು. (8)ರ ‘ಕಾಲು ಜಾರೀತು’ವಿನ ಗೌರವವನ್ನು ಇಂಗ್ಲಿಷಿನ ‘ಫುಟ್’ ಹೊರಲಾರದು. ಅಲ್ಲಿ ಕರ್ತೃವನ್ನು ಅಡ್ಡಿಗೆ ವರ್ಗಾಯಿಸಿ, ಮೆಟ್ಟಿಲು ಜಾರುತ್ತಿದೆ ಎಂಬರ್ಥದ ‘ದ ಸ್ಟೆಪ್ಸ್ ಎ ಬಿಟ್ ಸ್ಲಿಪರಿ’ ಎಂಬಂಥ ವಾಕ್ಯವೇ ಆ ಕೆಲಸವನ್ನು ಮಾಡುತ್ತದೆ.

5. ಮಿತಿಗಳು

ಈ ವಿಶ್ಲೇಷಣೆಗೆ ಮೂರು ಮಿತಿಗಳಿವೆ. ಮೊದಲನೆಯದು, ಇಂದಿನ ನಗರದ ಆಡುಮಾತಿನಲ್ಲಿ ‘ಬಿದ್ದೀಯ’ದ ಜಾಗದಲ್ಲಿ ‘ಬೀಳ್ತೀಯ’ ಎಂಬ ಭವಿಷ್ಯದರ್ಥದ ರೂಪವೂ ಧಾರಾಳವಾಗಿ ಬರುತ್ತದೆ. ಕರ್ತೃವಿನ ಸ್ಥಳಾಂತರ ಮಾತ್ರ ಅಲ್ಲಿಯೂ ಉಳಿಯುತ್ತದೆ: ‘ಕಾಲು ಜಾರುತ್ತೆ, ನೋಡ್ಕೊಂಡು ಇಳೀರಿ’. ಎರಡನೆಯದು, ನಾಮಫಲಕಗಳಲ್ಲಿ ನಿರ್ದಿಷ್ಟ ಕೇಳುಗರಿಲ್ಲದ ಕಾರಣ ಈ ಆಯ್ಕೆಯೇ ಉದ್ಭವಿಸುವುದಿಲ್ಲ. ‘ಮೆಟ್ಟಿಲುಗಳಿವೆ, ಎಚ್ಚರಿಕೆ’ ಎಂಬುದು ಅಲ್ಲಿ ಸರಿಯಾದ ಅನುವಾದವೇ ಹೌದು. ಮೂರನೆಯದು, ‘ಕಾಲು ಜಾರು’ ಎಂಬುದಕ್ಕೆ ಶೀಲದ ವಿಷಯದಲ್ಲಿ ಎಡವು ಎಂಬ ಲಾಕ್ಷಣಿಕಾರ್ಥವಿದೆ. ಮೆಟ್ಟಿಲು, ಪಾಚಿ, ಕೆಸರು ಮುಂತಾದ ಅಡ್ಡಿಯನ್ನು ಮೊದಲು ಹೆಸರಿಸಿದಾಗ ಆ ಅರ್ಥ ತಲೆಯೆತ್ತುವುದಿಲ್ಲ. (4) ಮತ್ತು (8)ರಲ್ಲಿ ‘ಮೆಟ್ಟಿಲಿದೆ’ ಎಂಬುದು ಮೊದಲು ಬಂದಿರುವುದಕ್ಕೆ ಇದೂ ಒಂದು ಕಾರಣ. ಅನುವಾದಕರು ಈ ಕ್ರಮವನ್ನು ತಿರುವುಮುರುವು ಮಾಡದಿರುವುದು ಲೇಸು.