ಹೊಸಬರು ಹೆಚ್ಚು ದರ ಕೇಳುವಾಗ

ಪಹಣಿಯಲ್ಲಿ ವಿಸ್ತೀರ್ಣ 1.20 ಎಂದಿದ್ದರೆ ಅದು ಒಂದು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ ಜಮೀನು ಒಂದೂವರೆ ಎಕರೆ. ಇಂಗ್ಲಿಷಿಗೆ ಅನುವಾದಿಸುವವರು ಅದನ್ನು ದಶಮಾಂಶವೆಂದು ತಿಳಿದು 1.20 ಎಕರೆ ಎಂದೇ ಬರೆದರೆ ಕಾಗದದ ಮೇಲೆ 12 ಗುಂಟೆ ಮಾಯವಾಗುತ್ತದೆ.

ವಕೀಲರ ಕಚೇರಿಯಲ್ಲಿ ವರ್ಷಗಟ್ಟಲೆ ದಸ್ತಾವೇಜು ಓದಿದವರಿಗೆ ಈ ತಪ್ಪು ತಟ್ಟನೆ ಕಣ್ಣಿಗೆ ಬೀಳುತ್ತದೆ. ಅಂಥ ಒಬ್ಬ ಮಹಿಳೆ ನೌಕರಿ ಬಿಟ್ಟು ಕ್ರಯಪತ್ರ, ವಿಭಾಗಪತ್ರಗಳ ಅನುವಾದಕ್ಕೆ ಇಳಿದಿದ್ದಾರೆ ಎಂದಿಟ್ಟುಕೊಳ್ಳೋಣ. ಜೊತೆಯ ಅನುವಾದಕರು ಪದಕ್ಕೆ ಒಂದು ರೂಪಾಯಿ ಕೇಳುತ್ತಾರೆ. ಎರಡೂವರೆ ಎನ್ನಲು ಈಕೆಗೆ ಬಾಯಿ ಬರುವುದಿಲ್ಲ. ‘ನಾನಿನ್ನೂ ಹೊಸಬಳು, ಅಷ್ಟು ಕೇಳಲು ನಾನ್ಯಾರು?’ ಎಂಬ ಅಳುಕು.

ಸಾಧನೆ ಕಣ್ಣೆದುರಿಗಿದ್ದರೂ ತಾನು ಅರ್ಹನಲ್ಲ ಎನ್ನಿಸುವ ಈ ಮನಃಸ್ಥಿತಿಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ 1978ರಲ್ಲೇ ವಿವರಿಸಿದ್ದರು. ಇಲ್ಲಿ ಹೊಸದು ಅನುವಾದದ ವ್ಯವಹಾರ ಮಾತ್ರ. ದಸ್ತಾವೇಜಿನ ಜ್ಞಾನ ಹಳೆಯದು, ಗ್ರಾಹಕ ಹಣ ಕೊಡುವುದೂ ಅದಕ್ಕೇ.

ಆದರೂ ಅಳುಕನ್ನು ಮಾತಿನಿಂದ ಓಡಿಸುವುದು ಕಷ್ಟ. ಲೆಕ್ಕ ಹಾಕುವುದು ಮೇಲು. ಮನೆಖರ್ಚಿಗೆ ತಿಂಗಳಿಗೆ 50,000 ರೂಪಾಯಿ ಬೇಕು; ಆರೋಗ್ಯ ವಿಮೆ, ಕಂಪ್ಯೂಟರ್, ಕೆಲಸವಿಲ್ಲದ ದಿನಗಳಿಗೆ ತೆಗೆದಿಡುವ ಹಣ ಸೇರಿ ಇನ್ನೊಂದು 10,000. ಗ್ರಾಹಕರನ್ನು ಹುಡುಕುವುದು, ಬಿಲ್ ಕಳಿಸುವುದು, ಬಾಕಿ ವಸೂಲಿ ಇವೆಲ್ಲ ಕಳೆದರೆ ದುಡಿಮೆ ಹುಟ್ಟುವುದು ತಿಂಗಳಲ್ಲಿ 12 ದಿನ. ಪರಿಶೀಲನೆಯೂ ಸೇರಿ ದಿನಕ್ಕೆ 2,000 ಪದವೆಂದರೆ ಒಟ್ಟು 24,000. ಭಾಗಿಸಿದರೆ ಪದಕ್ಕೆ ಎರಡೂವರೆ ರೂಪಾಯಿ. ಒಂದು ರೂಪಾಯಿ ದರದಲ್ಲಿ ಅಷ್ಟೇ ಹಣ ಬರಬೇಕಾದರೆ ತಿಂಗಳ ಮೂವತ್ತೂ ದಿನ ಅನುವಾದಿಸಬೇಕು. ಆಗ ಗುಂಟೆಯ ಲೆಕ್ಕ ತಾಳೆ ನೋಡಲು ಪುರುಸೊತ್ತೆಲ್ಲಿ?

ಈ ಲೆಕ್ಕ ತನ್ನ ಧೈರ್ಯಕ್ಕೆ. ಗ್ರಾಹಕನಿಗೆ ಮನೆಖರ್ಚಿನ ಕಥೆ ಬೇಕಿಲ್ಲ. ಕೊಟೇಶನ್‌ನಲ್ಲಿ ದರದ ಪಕ್ಕ ಕೆಲಸವನ್ನೇ ಬರೆಯಬೇಕು: ಸರ್ವೆ ನಂಬರ್, ವಿಸ್ತೀರ್ಣ, ಚಕ್ಕುಬಂದಿಗಳನ್ನು ಮೂಲದೊಂದಿಗೆ ಎರಡು ಸಲ ತಾಳೆ ನೋಡಿ ಕೊಡಲಾಗುವುದು. ದರ ಹೇಳಿದ ಮೇಲೆ ಸುಮ್ಮನಿರುವುದೇ ಕಠಿಣ. ಆ ಕಡೆಯಿಂದ ಉತ್ತರ ತಡವಾದರೆ ‘ಬೇಕಾದರೆ ಕಡಿಮೆ ಮಾಡೋಣ’ ಎಂದು ತಾನಾಗಿಯೇ ಇಳಿಸುವವರೇ ಹೆಚ್ಚು. ಅವರು ನಿಜವಾಗಿಯೂ ಚೌಕಾಸಿಗೆ ಇಳಿದರೆ ದರ ಹಾಗೇ ಇರಲಿ, ಕೆಲಸ ಕಡಿಮೆಯಾಗಲಿ: ಇಡೀ ಕ್ರಯಪತ್ರದ ಬದಲು ಷೆಡ್ಯೂಲ್ ಮತ್ತು ಮುಖ್ಯ ಷರತ್ತುಗಳನ್ನಷ್ಟೇ ಅನುವಾದಿಸಿ ಕೊಡಬಹುದು.

ಕೇಳಿದವರೆಲ್ಲ ಮರುಮಾತಿಲ್ಲದೆ ಒಪ್ಪಿದರೆ ದರ ಇನ್ನೂ ಕಡಿಮೆಯಿದೆ. ಎಲ್ಲರೂ ಹಿಂದೆ ಸರಿದರೆ ಮೊದಲು ಗ್ರಾಹಕರನ್ನು ಬದಲಿಸಿ ನೋಡಬೇಕು. ಮಧ್ಯವರ್ತಿ ಏಜೆನ್ಸಿ ತನ್ನ ಪಾಲು ಇಟ್ಟುಕೊಂಡೇ ಹಣ ಕೊಡುವುದರಿಂದ ಅಲ್ಲಿ ಎರಡೂವರೆ ಹುಟ್ಟದೇ ಇರಬಹುದು. ಊರಿನ ಜಮೀನಿನ ಕಾಗದಗಳನ್ನು ಮಕ್ಕಳಿಗೆ ಅರ್ಥ ಮಾಡಿಸಲು ಹೊರಟಿರುವ ವಿದೇಶದ ಕನ್ನಡಿಗರಿಗೆ, ವಕೀಲರಿಗೆ ಅದೇ ದರ ಭಾರವೆನಿಸದು.