ಅನುಪಾತೀಯ ಚಂದಾ ಶುಲ್ಕ

ಅನುಪಾತೀಯ ಚಂದಾ ಶುಲ್ಕ ಎಂದರೆ ವಾರ್ಷಿಕ ಚಂದಾದಾರರು ಅವಧಿಯ ನಡುವೆ ಹೆಚ್ಚಿನ ದರದ ಯೋಜನೆಗೆ ಬದಲಾದಾಗ, ಉಳಿದ ದಿನಗಳಿಗೆ ಮಾತ್ರ ವಿಧಿಸಲಾಗುವ ವ್ಯತ್ಯಾಸದ ಮೊತ್ತ. ಎರಡು ಯೋಜನೆಗಳ ವಾರ್ಷಿಕ ದರಗಳ ವ್ಯತ್ಯಾಸವನ್ನು ಉಳಿದ ದಿನಗಳಿಂದ ಗುಣಿಸಿ, ಅವಧಿಯ ಒಟ್ಟು ದಿನಗಳಿಂದ ಭಾಗಿಸಿದರೆ ಇದು ದೊರೆಯುತ್ತದೆ.

ಉದಾಹರಣೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದ ಅಂಗಡಿಯೊಂದು 2025ರ ಏಪ್ರಿಲ್ 1ರಿಂದ ಒಂದು ವರ್ಷಕ್ಕೆ, ₹3,650 ದರದಲ್ಲಿ ಬಿಲ್ಲಿಂಗ್ ತಂತ್ರಾಂಶದ ಚಂದಾ ಪಡೆದಿದೆಯೆಂದು ಭಾವಿಸಬಹುದು. ಸೊರಬದಲ್ಲಿ ಶಾಖೆ ತೆರೆದ ಕಾರಣ ಅದು ಅಕ್ಟೋಬರ್ 1ರಂದು ಎರಡು ಮಳಿಗೆಗಳಿಗೆ ಅನ್ವಯಿಸುವ ₹7,300 ದರದ ಯೋಜನೆಗೆ ಬದಲಾಗುತ್ತದೆ. ಆ ದಿನವನ್ನೂ ಸೇರಿಸಿ 2026ರ ಮಾರ್ಚ್ 31ರವರೆಗೆ 182 ದಿನಗಳು ಉಳಿದಿರುತ್ತವೆ.

3,650 × 182 ÷ 365 = ₹1,820

ಇದಕ್ಕೆ ಶೇ. 18ರ ಜಿಎಸ್‌ಟಿ ₹327.60 ಸೇರಿದರೆ ಪಾವತಿಸಬೇಕಾದ ಮೊತ್ತ ₹2,147.60 ಆಗುತ್ತದೆ.

ಪರಿಶೀಲನೆ

ಬಿಲ್ಲಿನಲ್ಲಿ ಮೊದಲು ನೋಡಬೇಕಾದುದು ಚಂದಾ ಮುಗಿಯುವ ದಿನಾಂಕ. ಅದು 2026ರ ಸೆಪ್ಟೆಂಬರ್ 30 ಆಗಿದ್ದರೆ ಬದಲಾವಣೆಯ ದಿನದಿಂದ ಹೊಸ ವರ್ಷ ಆರಂಭವಾಗಿದೆ ಎಂದರ್ಥ. ಆಗ ₹7,300ರಲ್ಲಿ ಹಳೆಯ ಯೋಜನೆಯ ಬಳಸದ ಭಾಗವಾದ ₹1,820 ಕಳೆದು, ತೆರಿಗೆಗೆ ಮುನ್ನ ₹5,480 ವಿಧಿಸುವುದು ಸರಿಯಾದ ಲೆಕ್ಕ. ದಿನಾಂಕ ಮಾರ್ಚ್ 31 ಆಗಿಯೇ ಉಳಿದು, ತೆರಿಗೆಗೆ ಮುನ್ನ ₹3,640 ನಮೂದಾಗಿದ್ದರೆ ಹಳೆಯ ಯೋಜನೆಯ ಉಳಿಕೆ ಜಮೆಯಾಗಿಲ್ಲವೆಂದು ತಿಳಿಯಬಹುದು. ₹1,825 ಎಂದಿದ್ದರೆ ದಿನಗಳ ಬದಲು ಆರು ತಿಂಗಳುಗಳನ್ನು ಎಣಿಸಲಾಗಿದೆ. ಒಪ್ಪಂದದಲ್ಲಿ ಈ ಪದ್ಧತಿಯಿದ್ದರೆ ಅದು ತಪ್ಪಲ್ಲ.

ಹಳೆಯ ಯೋಜನೆಯನ್ನು ರಿಯಾಯಿತಿಯಲ್ಲಿ ಕೊಂಡಿದ್ದರೆ, ಉಳಿಕೆಯನ್ನು ಸಾಮಾನ್ಯವಾಗಿ ಘೋಷಿತ ದರದ ಮೇಲಲ್ಲದೆ ವಾಸ್ತವವಾಗಿ ಪಾವತಿಸಿದ ಮೊತ್ತದ ಮೇಲೆ ಎಣಿಸಲಾಗುತ್ತದೆ. ಆದ್ದರಿಂದ ಹೊಸ ಬಿಲ್ಲನ್ನು ಮೂಲ ಬಿಲ್ಲಿನೊಂದಿಗೆ ಹೋಲಿಸಬೇಕಾಗುತ್ತದೆ.