ಕೊಡೆ ಬಿಚ್ಚದಿದ್ದರೆ ಸ್ಪ್ರಿಂಗನ್ನು ಬಯ್ಯಬೇಡಿ

ಮಳೆಗಾಲದ ಮೊದಲ ಮಳೆ ಬಿದ್ದಾಗ ಮಲೆನಾಡಿನ ಮನೆಗಳಲ್ಲಿ ಅಟ್ಟದ ಮೇಲಿನ ಕೊಡೆಗಳು ಕೆಳಗಿಳಿಯುತ್ತವೆ. ಅವುಗಳಲ್ಲಿ ಒಂದಾದರೂ ಹಟ ಹಿಡಿಯುತ್ತದೆ. ಅರ್ಧಕ್ಕೆ ಬಂದು ನಿಲ್ಲುತ್ತದೆ, ಇಲ್ಲವೇ ಪೂರ್ತಿ ಬಿಚ್ಚಿಕೊಂಡು ಕೈ ತೆಗೆದ ಕೂಡಲೇ ತಲೆಯ ಮೇಲೆ ಕುಸಿಯುತ್ತದೆ. ಎರಡಕ್ಕೂ ಮನೆಮಂದಿ ಕೊಡುವ ತೀರ್ಪು ಒಂದೇ: ‘ಸ್ಪ್ರಿಂಗ್ ಹೋಗಿದೆ.’ ಕುಸಿಯುವ ಕೊಡೆಯ ಮಟ್ಟಿಗೆ ಈ ತೀರ್ಪು ಸಾಮಾನ್ಯವಾಗಿ ಸರಿ. ಅರ್ಧಕ್ಕೆ ನಿಲ್ಲುವ ಕೊಡೆಯ ಮಟ್ಟಿಗೆ ಹೆಚ್ಚಾಗಿ ತಪ್ಪು. ಕೈಯಿಂದ ಬಿಚ್ಚುವ ಉದ್ದ ಕೋಲಿನ ಕರಿ ಕೊಡೆಯಲ್ಲಿ ಬಿಚ್ಚುವ ಕೆಲಸ ಸ್ಪ್ರಿಂಗಿನದಲ್ಲ. ಬಿಚ್ಚಿದ್ದನ್ನು ಹಿಡಿದು ನಿಲ್ಲಿಸುವುದಷ್ಟೇ ಅದರ ಕೆಲಸ.

ಕೊಡೆಯನ್ನು ತಲೆಕೆಳಗು ಮಾಡಿ ಒಳಗೆ ನೋಡಿ. ಕೋಲಿನ ಮೇಲೆ ಒಂದು ಸಣ್ಣ ಕೊಳವೆ ಜಾರುತ್ತದೆ. ಅದೇ ರನ್ನರ್. ಬಟ್ಟೆಯನ್ನು ಹೊತ್ತ ಉದ್ದ ಕಡ್ಡಿಗಳು ಸಾಮಾನ್ಯವಾಗಿ ಎಂಟು. ಒಂದೊಂದರ ನಡುವಿಗೂ ಒಂದು ಗಿಡ್ಡ ಕಡ್ಡಿ ಕೀಲು ಹಾಕಿಕೊಂಡು ರನ್ನರ್‌ವರೆಗೆ ಬಂದಿರುತ್ತದೆ. ಗಿಡ್ಡ ಕಡ್ಡಿಗಳ ತುದಿಯಲ್ಲಿ ತೂತುಗಳಿವೆ. ಎಂಟೂ ತೂತುಗಳ ಮೂಲಕ ಹಾದ ಒಂದೇ ತಂತಿ ರನ್ನರ್‌ನ ಕೊರಳಿನ ಗಾಡಿಯಲ್ಲಿ ಸುತ್ತಿ ಕೂತಿರುತ್ತದೆ. ನೀವು ರನ್ನರ್ ತಳ್ಳಿದರೆ ಗಿಡ್ಡ ಕಡ್ಡಿಗಳು ಉದ್ದ ಕಡ್ಡಿಗಳನ್ನು ಹೊರಕ್ಕೆ ನೂಕುತ್ತವೆ, ಬಟ್ಟೆ ಬಿಗಿಯುತ್ತದೆ.

ಎಂಟು ಕಡೆಯಿಂದಲೂ ಒತ್ತಡ ಸಮನಾಗಿದ್ದರೆ ಮಾತ್ರ ರನ್ನರ್ ನೆಟ್ಟಗೆ ಜಾರುತ್ತದೆ. ಒಂದು ಕಡ್ಡಿ ಬಾಗಿದರೆ ಆ ಕಡೆಯ ಒತ್ತಡ ಬದಲಾಗಿ ರನ್ನರ್ ಓರೆಯಾಗುತ್ತದೆ. ಓರೆಯಾದ ಕೊಳವೆಯ ಅಂಚು ಕೋಲನ್ನು ಕಚ್ಚಿಕೊಳ್ಳುತ್ತದೆ. ಆಗ ಜೋರಾಗಿ ತಳ್ಳಿದಷ್ಟೂ ಅದು ಇನ್ನಷ್ಟು ಕಚ್ಚುತ್ತದೆ, ಪಕ್ಕದ ಕಡ್ಡಿಯೂ ಬಾಗುತ್ತದೆ. ಆದ್ದರಿಂದ ನಿಂತ ಜಾಗದಲ್ಲೇ ಕೈ ಬಿಟ್ಟು ರನ್ನರನ್ನು ಪಕ್ಕದಿಂದ ನೋಡುವುದು ಮೊದಲ ಪರೀಕ್ಷೆ. ಓರೆಯಿದ್ದರೆ ತಪ್ಪು ಕಡ್ಡಿಯದು, ಇಲ್ಲವೇ ತಂತಿಯದು. ನೆಟ್ಟಗಿದ್ದೂ ಕರಕರ ಎನ್ನುತ್ತಿದ್ದರೆ ಕೋಲಿಗೆ ತುಕ್ಕು ಹಿಡಿದಿದೆ.

ನಮ್ಮ ಬೀದಿಯ ನಿವೃತ್ತ ಮೇಷ್ಟ್ರ ಕೊಡೆಯನ್ನೇ ನೋಡೋಣ. ಬಸ್ಸಿನ ಬಾಗಿಲಿಗೆ ಸಿಕ್ಕು ಒಂದು ಉದ್ದ ಕಡ್ಡಿ ಕೀಲಿನಿಂದ ಗೇಣು ದೂರದಲ್ಲಿ ಮಡಚಿತ್ತು. ರನ್ನರ್ ಮೇಲಿನ ಸ್ಪ್ರಿಂಗಿಗೆ ನಾಲ್ಕು ಬೆರಳು ಕೆಳಗೇ ನಿಲ್ಲುತ್ತಿತ್ತು. ಮನೆಯಲ್ಲಿ ಯಾರೋ ಸ್ಪ್ರಿಂಗಿಗೆ ಕೊಬ್ಬರಿ ಎಣ್ಣೆ ಸುರಿದು, ಬಟ್ಟೆಯ ಮೇಲೂ ಕಲೆ ಮಾಡಿದ್ದರು.

ಕಡ್ಡಿಯನ್ನು ಮುಟ್ಟಿ ನೋಡಿದರೆ ಅದು ಗುಂಡಗಿನ ಸರಳಲ್ಲ, ಒಂದು ಕಡೆ ತೆರೆದ ಸಣ್ಣ ದೋಣಿ. ಇಂಗ್ಲೆಂಡಿನ ಸ್ಯಾಮ್ಯುಯೆಲ್ ಫಾಕ್ಸ್ 1852ರಲ್ಲಿ ಇಂಥ ಉಕ್ಕಿನ ಕಡ್ಡಿಯ ಚೌಕಟ್ಟನ್ನು ತಂದ. ಅದಕ್ಕೂ ಮುಂಚಿನ ಕೊಡೆಗಳಲ್ಲಿ ತಿಮಿಂಗಿಲದ ಬಾಯೊಳಗಿನ ಪಟ್ಟಿಯನ್ನು ಸೀಳಿ ಮಾಡಿದ ದಪ್ಪ ಕಡ್ಡಿಗಳಿದ್ದವು. ಉಕ್ಕಿನ ತಗಡಿಗೆ ಈ ಆಕಾರ ಕೊಟ್ಟದ್ದರಿಂದ ಕಡ್ಡಿ ಹಗುರವಾಯಿತು, ಆದರೂ ಬಗ್ಗದಷ್ಟು ಗಟ್ಟಿಯಾಯಿತು. ಶಕ್ತಿಯೆಲ್ಲ ಆ ಎರಡು ಗೋಡೆಗಳಲ್ಲಿದೆ. ಕಡ್ಡಿ ಮಡಚಿದಾಗ ಗೋಡೆಗಳು ಚಪ್ಪಟೆಯಾಗುತ್ತವೆ. ಬರೀ ನೆಟ್ಟಗೆ ಮಾಡಿದರೆ ಮುಂದಿನ ಗಾಳಿಗೆ ಅದೇ ಜಾಗದಲ್ಲಿ ಮತ್ತೆ ಮಡಚುವುದು ಇದಕ್ಕೇ.

ಹಾಗಾಗಿ ರಿಪೇರಿ ಎರಡು ಹಂತದ್ದು. ಮೊದಲು ಆ ಕಡ್ಡಿಯ ತುದಿಯಲ್ಲಿ ಬಟ್ಟೆಯ ಹೊಲಿಗೆ ಬಿಡಿಸಿ, ಮಡಚಿದ ಜಾಗವನ್ನು ಇಕ್ಕಳದಲ್ಲಿ ಹಿಡಿದು ನಿಧಾನವಾಗಿ ನೆಟ್ಟಗೆ ಮಾಡಬೇಕು. ದೋಣಿ ಮುಚ್ಚಿಕೊಂಡಿದ್ದರೆ ಒಳಗೆ ಸಣ್ಣ ಮೊಳೆ ತೂರಿಸಿ ಗೋಡೆಗಳನ್ನು ಬಿಡಿಸಿಕೊಳ್ಳಬೇಕು. ಒಲೆಯ ಮೇಲೆ ಕಾಯಿಸುವುದು ಬೇಡವೇ ಬೇಡ. ಕಾಯಿಸಿದರೆ ಉಕ್ಕಿನ ಪುಟಿತ ಹೋಗಿ ಕಡ್ಡಿ ಮೆತ್ತಗಾಗುತ್ತದೆ. ಎರಡನೆಯ ಹಂತ ಪಟ್ಟಿ ಕಟ್ಟುವುದು. ಹಾಳಾದ ಕೊಡೆಯ ಕಡ್ಡಿಯಿಂದ ಐದಾರು ಸೆಂಟಿಮೀಟರ್ ತುಂಡು ಕತ್ತರಿಸಿ, ಮಡಚಿದ ಜಾಗದ ಮೇಲೆ ಕವುಚಿ, ಅಂಚುಗಳನ್ನು ಇಕ್ಕಳದಿಂದ ಒತ್ತಿ ಕೂರಿಸಿ, ಎರಡೂ ಕೊನೆಗೆ ತೆಳು ತಂತಿ ಬಿಗಿಯಬೇಕು. ತಂತಿಯ ಮೊನೆ ಬಟ್ಟೆಯ ಕಡೆಗೆ ಚಾಚಬಾರದು. ಮೇಷ್ಟ್ರ ಕೊಡೆಗೆ ಇಷ್ಟು ಮಾಡಿದ ಮೇಲೆ ರನ್ನರ್ ನೆಟ್ಟಗಾಯಿತು. ಆದರೆ ಸಲೀಸಾಗಿ ಜಾರಲಿಲ್ಲ. ಕೊಬ್ಬರಿ ಎಣ್ಣೆ ಧೂಳು ಹೀರಿ ಅಂಟಾಗಿತ್ತು. ಮಲೆನಾಡಿನ ಚಳಿಗೆ ಅದು ಗಟ್ಟಿಯೂ ಆಗುತ್ತದೆ. ಸೀಮೆಎಣ್ಣೆ ಅದ್ದಿದ ಚಿಂದಿಯಿಂದ ಕೋಲನ್ನು ಒರೆಸಿ, ತುಕ್ಕಿದ್ದ ಕಡೆ ನಯವಾದ ಸ್ಯಾಂಡ್‌ಪೇಪರ್ ಆಡಿಸಿ, ಒಣಗಿದ ಮೇಲೆ ಮೇಣದಬತ್ತಿ ಉಜ್ಜಿದ್ದಾಯಿತು. ಕೊಡೆಯ ಕೋಲಿಗೆ ಎಣ್ಣೆಗಿಂತ ಮೇಣ ಒಳ್ಳೆಯದು. ಅದು ಬಟ್ಟೆಗೆ ಹರಿಯುವುದಿಲ್ಲ, ಧೂಳನ್ನೂ ಅಷ್ಟಾಗಿ ಹಿಡಿಯುವುದಿಲ್ಲ.

ಕಡ್ಡಿಗಳೆಲ್ಲ ನೆಟ್ಟಗಿದ್ದೂ ರನ್ನರ್ ಓರೆಯಾಗಿದ್ದರೆ ಕೊರಳಿನ ತಂತಿ ನೋಡಿ. ತುಕ್ಕು ತಿಂದು ತುಂಡಾದ ತಂತಿಯಿಂದ ಒಂದೆರಡು ಗಿಡ್ಡ ಕಡ್ಡಿಗಳು ಕಳಚಿಕೊಂಡಿರುತ್ತವೆ. ಹೊಸ ತಂತಿ ಪೋಣಿಸುವಾಗ ಕಡ್ಡಿಗಳ ಸರದಿ ತಪ್ಪಬಾರದು. ತುದಿಗಳನ್ನು ಎರಡು ಮೂರು ಸುತ್ತು ಹೊಸೆದು ಗಾಡಿಯೊಳಗೇ ಮಡಚಿ ಒತ್ತಿ. ತೀರ ಬಿಗಿದರೆ ಕೀಲುಗಳು ತಿರುಗದೆ, ರಿಪೇರಿ ಮಾಡಿದ ಕೊಡೆ ಮೊದಲಿಗಿಂತ ಹೆಚ್ಚು ಸಿಕ್ಕಿಕೊಳ್ಳುತ್ತದೆ.

ಇನ್ನು ನಿಜವಾಗಿ ಸ್ಪ್ರಿಂಗಿನ ಸರದಿ. ಕೋಲಿನ ಸೀಳಿನಲ್ಲಿ ಕೂತ ಒಂದು ಸಣ್ಣ ಉಕ್ಕಿನ ನಾಲಿಗೆ ಅದು. ಹಿಡಿಯ ಹತ್ತಿರ ಒಂದು, ಮೇಲೆ ಒಂದು. ಮೇಲಿನದರ ಕೆಳಮುಖ ಇಳಿಜಾರು. ಏರಿಬರುವ ರನ್ನರ್ ಅದನ್ನು ಒಳಕ್ಕೆ ಒತ್ತಿ ದಾಟುತ್ತದೆ. ದಾಟಿದೊಡನೆ ನಾಲಿಗೆ ಹೊರಗೆ ಚಿಮ್ಮಿ ರನ್ನರ್‌ಗೆ ಕೆಳಗಿನಿಂದ ಆಸರೆ ಕೊಡುತ್ತದೆ. ಕೊಡೆ ಕುಸಿಯುತ್ತಿದೆ ಎಂದರೆ ನಾಲಿಗೆ ಚಿಮ್ಮುತ್ತಿಲ್ಲ. ಹೆಬ್ಬೆರಳಿನಿಂದ ಒತ್ತಿ ಬಿಟ್ಟು ನೋಡಿ. ಒಳಗೇ ಉಳಿದರೆ ಸೀಳಿನಲ್ಲಿ ತುಕ್ಕು, ಮಣ್ಣು ಸೇರಿರಬಹುದು. ಎರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಹತ್ತಿಪ್ಪತ್ತು ಸಲ ಒತ್ತಿಬಿಟ್ಟರೆ ಎಷ್ಟೋ ಸಲ ಸರಿಯಾಗುತ್ತದೆ. ಆಮೇಲೆ ಮಿಕ್ಕ ಎಣ್ಣೆ ಒರೆಸಿಬಿಡಿ. ಚಿಮ್ಮಿದರೂ ತೀರ ಕಡಿಮೆ ಹೊರಬಂದರೆ ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಕೂದಲೆಳೆಯಷ್ಟೇ ಹೊರಕ್ಕೆ ಎತ್ತಿ. ಒಂದೇ ಸಲ ಹೆಚ್ಚು ಎತ್ತಿದರೆ ಬುಡದಲ್ಲಿ ಮುರಿಯುತ್ತದೆ.

ಮುರಿದ ನಾಲಿಗೆಗೆ ಕಟ್ಟುವ ತಂತಿಯಿಂದ ಬದಲಿ ಮಾಡಲು ಹೋಗಬೇಡಿ. ಅದು ಬಗ್ಗಿದರೆ ಬಗ್ಗಿದ ಹಾಗೇ ಇರುತ್ತದೆ, ಪುಟಿಯುವುದಿಲ್ಲ. ಅದೇ ಅಳತೆಯ ಇನ್ನೊಂದು ಕೊಡೆಯಿಂದ ಬಿಚ್ಚಿ ಹಾಕುವುದೇ ಸರಿ. ನಾಲಿಗೆ ಚೆನ್ನಾಗಿದ್ದೂ ಕೊಡೆ ಜಾರಿದರೆ ರನ್ನರ್‌ನ ಕೆಳ ಅಂಚು ಸವೆದು ದುಂಡಗಾಗಿದೆಯೇ ನೋಡಿ. ಲೋಹದ್ದಾದರೆ ಸಣ್ಣ ಅರದಿಂದ ಅಂಚನ್ನು ಮತ್ತೆ ಸಮಮಾಡಬಹುದು. ಪ್ಲಾಸ್ಟಿಕ್ಕಿನದು ಸೀಳಿದ್ದರೆ ಅಂಟು ನಿಲ್ಲುವುದಿಲ್ಲ, ರನ್ನರನ್ನೇ ಬದಲಿಸಬೇಕು.

ಈ ಮಾತುಗಳು ಗುಂಡಿ ಒತ್ತಿದರೆ ತೆರೆದು, ಮತ್ತೆ ಒತ್ತಿದರೆ ಮುಚ್ಚುವ ಮಡಚು ಕೊಡೆಗೆ ಹೊಂದುವುದಿಲ್ಲ. ಅದರ ಕೋಲಿನೊಳಗೆ ಬಲವಾದ ಸುರುಳಿ ಸ್ಪ್ರಿಂಗ್ ಒತ್ತಿಕೊಂಡು ಕೂತಿರುತ್ತದೆ. ಬಿಚ್ಚಲು ಹೋದರೆ ಕೋಲು ಮುಖಕ್ಕೇ ಚಿಮ್ಮಬಹುದು. ಅದನ್ನು ಮನೆಯಲ್ಲಿ ಕಳಚಬೇಡಿ. ಅದರ ಅಲ್ಯೂಮಿನಿಯಂ ಕಡ್ಡಿಯೂ ಒಂದೆರಡು ಸಲ ನೆಟ್ಟಗೆ ಮಾಡಿದರೆ ಮುರಿಯುತ್ತದೆ.

ಉದ್ದ ಕೋಲಿನ ಕೊಡೆ ಪೂರ್ತಿ ಹಾಳಾದರೂ ಹಾಗೇ ಗುಜರಿಗೆ ಹಾಕಬೇಡಿ. ಎರಡು ನಾಲಿಗೆ, ರನ್ನರ್, ಮೂರು ನಾಲ್ಕು ಕಡ್ಡಿ, ಕಡ್ಡಿತುದಿಯ ಟೊಪ್ಪಿಗೆಗಳನ್ನು ಬಿಚ್ಚಿ ಒಂದು ಡಬ್ಬಿಯಲ್ಲಿಡಿ. ಮುಂದಿನ ಕೊಡೆ ಕೆಟ್ಟಾಗ ಅಂಗಡಿಯಲ್ಲಿ ಬಿಡಿಯಾಗಿ ಸಿಗದ ಈ ಭಾಗಗಳೇ ಬೇಕಾಗುತ್ತವೆ.